ಹಳೇ ಅಂಕಿ ಅಳಿಸಬೇಡಿ, ಹೊಸ ಅಂಕಿ ಬಚ್ಚಿಡಬೇಡಿ



ಬೆಲೆಯ ಲೆಕ್ಕ ಹಾಕುವ ಸೂತ್ರ ತಪ್ಪಾಗಿದ್ದರೆ ಅದನ್ನು ತಿದ್ದಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಹುಟ್ಟೋದು ಆಮೇಲೆ. ಈ ವರ್ಷದಿಂದ ಸೂತ್ರ ಸರಿಯಾಯಿತು ಅನ್ನಿ. ಹಿಂದಿನ ವರ್ಷಗಳ ಗತಿ ಏನು? ಹಳೇ ಸೂತ್ರದ ಅಂಕಿಗಳು ಆಗಲೇ ಅಚ್ಚಾಗಿ ಊರೂರು ಸೇರಿವೆ. ಸಹಕಾರ ಸಂಘದ ಗೋಡೆಯ ಮೇಲಿವೆ, ತಹಸೀಲ್ದಾರರಿಗೆ ಕೊಟ್ಟ ಮನವಿಯಲ್ಲಿವೆ, ಬ್ಯಾಂಕಿನವರ ಕಡತದಲ್ಲಿವೆ, ನಮ್ಮ ರೈತರ ಬಾಯಲ್ಲಿವೆ. ಅವನ್ನು ಹಾಗೇ ಬಿಡಬೇಕೋ, ತಿದ್ದಬೇಕೋ? ತಿದ್ದಿದರೆ, ಹಳೇದನ್ನು ನೋಡಿದವನಿಗೆ ಏನಂತ ಹೇಳಬೇಕು?

ಇದು ಗುಮಾಸ್ತರ ತಲೆನೋವು, ನಮಗೇಕೆ ಅಂತ ಕೇಳಬೇಡಿ. ಬೆಂಬಲ ಬೆಲೆ ಸಿಕ್ಕಿತೋ ಇಲ್ಲವೋ ಎಂಬ ವಾದ ನಿಂತಿರೋದೇ ಇಂಥ ಅಂಕಿಗಳ ಮೇಲೆ. ಒಂದು ಲೆಕ್ಕ ಮಾಡಿಯೇ ನೋಡೋಣ. ತೊಗರಿಯನ್ನು ತೆಗೆದುಕೊಳ್ಳಿ. 2024-25ರ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,550 ರೂಪಾಯಿ. ಇಷ್ಟು ನಿಜವಾದ ಅಂಕಿ. ಮುಂದಿನ ಮಾರುಕಟ್ಟೆ ದರಗಳನ್ನು ಲೆಕ್ಕ ತಿಳಿಯಲೆಂದು ನಾವೇ ಇಟ್ಟುಕೊಂಡಿದ್ದೇವೆ, ಅವು ಯಾವ ಊರಿನ ಮಂಡಿಯವೂ ಅಲ್ಲ.

ಒಂದು ಮಾರುಕಟ್ಟೆಗೆ ಜನವರಿಯಲ್ಲಿ 6,000 ಕ್ವಿಂಟಾಲ್ ತೊಗರಿ ಬಂತು, ದರ 7,000. ಮಾರ್ಚಿಯಲ್ಲಿ 3,000 ಕ್ವಿಂಟಾಲ್ ಬಂತು, ದರ 7,400. ಆಗಸ್ಟಿನಲ್ಲಿ ಬಂದದ್ದು ಬರೀ 1,000 ಕ್ವಿಂಟಾಲ್, ದರ ಮಾತ್ರ 8,400ಕ್ಕೆ ಏರಿತು. ವರ್ಷದ ಸರಾಸರಿ ಬೆಲೆ ಎಷ್ಟು? ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದರೆ 7,600. ಬೆಂಬಲ ಬೆಲೆಗಿಂತ 50 ರೂಪಾಯಿ ಹೆಚ್ಚು. ಅಧಿಕಾರಿಗಳು ಹೇಳ್ತಾರೆ: ರೈತನಿಗೆ ಬೆಂಬಲ ಬೆಲೆ ಸಿಕ್ಕಿದೆ, ಖರೀದಿ ಕೇಂದ್ರ ಯಾಕೆ ಬೇಕು?

ಈಗ ಬಂದ ಮಾಲಿನ ತೂಕ ನೋಡಿ ಲೆಕ್ಕ ಹಾಕಿ. ಜನವರಿಯ ಮಾಲಿಗೆ 4 ಕೋಟಿ 20 ಲಕ್ಷ, ಮಾರ್ಚಿಯದಕ್ಕೆ 2 ಕೋಟಿ 22 ಲಕ್ಷ, ಆಗಸ್ಟಿನದಕ್ಕೆ 84 ಲಕ್ಷ. ಒಟ್ಟು 7 ಕೋಟಿ 26 ಲಕ್ಷ ರೂಪಾಯಿ. ಇದನ್ನು ಮಾರಾಟವಾದ 10,000 ಕ್ವಿಂಟಾಲಿಗೆ ಹಂಚಿದರೆ ಕ್ವಿಂಟಾಲಿಗೆ ಬಂದದ್ದು 7,260. ಬೆಂಬಲ ಬೆಲೆಗಿಂತ 290 ರೂಪಾಯಿ ಕಡಿಮೆ. ಒಂದೇ ಮಂಡಿ, ಅದೇ ಮಾಲು, ಅದೇ ದರ. ಸೂತ್ರ ಬದಲಾದೊಡನೆ ಲಾಭ ನಷ್ಟವಾಯಿತು.

ಎರಡನೆಯ ಸೂತ್ರವೇ ಸರಿ ಅನ್ನೋದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಸುಗ್ಗಿಯಲ್ಲಿ ಮಾಲು ಮಂಡಿಗೆ ಬೀಳೋದು ಯಾಕೆ? ಗೊಬ್ಬರದ ಅಂಗಡಿಯ ಬಾಕಿ, ಸೊಸೈಟಿಯ ಕಂತು, ಕೈಸಾಲ ಕೊಟ್ಟವನ ತಗಾದೆ, ಎಲ್ಲ ಒಟ್ಟಿಗೆ ಬಾಗಿಲಿಗೆ ಬರ್ತವೆ. ಆಗಸ್ಟಿನ ತನಕ ಕಾಯುವ ತಾಕತ್ತು ಹತ್ತರಲ್ಲಿ ಒಬ್ಬನಿಗಿದ್ದರೆ ಹೆಚ್ಚು. ಆ ಒಬ್ಬನ ದರಕ್ಕೂ ಕಾಯಲಾರದ ಒಂಬತ್ತು ಮಂದಿಯ ದರಕ್ಕೂ ಸಮಾನ ಬೆಲೆ ಕಟ್ಟೋ ಸರಾಸರಿ ಸುಳ್ಳು ಸರಾಸರಿ. ಆದ್ದರಿಂದ ಸೂತ್ರ ತಿದ್ದಬೇಕು. ಇಲ್ಲಿಗೆ ಅರ್ಧ ಕೆಲಸ ಆಯಿತು.

ಉಳಿದರ್ಧವೇ ಕಷ್ಟದ್ದು. ಸೂತ್ರವನ್ನು ಈ ವರ್ಷದಿಂದ ಮಾತ್ರ ತಿದ್ದಿ, ಹಿಂದಿನದನ್ನು ಮುಟ್ಟದೆ ಬಿಟ್ಟರು ಅನ್ನಿ. ಹೋದ ವರ್ಷದ ಹಾಳೆಯಲ್ಲಿ ಹಳೇ ಸೂತ್ರದ 7,600 ಇದೆ. ಈ ವರ್ಷ ಹೊಸ ಸೂತ್ರದಲ್ಲಿ 7,400 ಬಂತು. ಓದಿದವನು ಏನನ್ನುತ್ತಾನೆ? ತೊಗರಿ ಬೆಲೆ 200 ರೂಪಾಯಿ ಬಿತ್ತು ಅನ್ನುತ್ತಾನೆ. ನಿಜವಾಗಿ ಹೋದ ವರ್ಷದ ಸರಿಯಾದ ಬೆಲೆ 7,260. ಅಂದರೆ ಬೆಲೆ 140 ರೂಪಾಯಿ ಏರಿದೆ. ಏರಿದ್ದನ್ನು ಬಿದ್ದದ್ದಾಗಿ ತೋರಿಸುವ ಈ ಕೋಷ್ಟಕದಲ್ಲಿ ಒಂದು ಅಂಕಿಯೂ ಕೂಡಿಸುವಾಗ ತಪ್ಪಿದ್ದಲ್ಲ. ಎರಡು ಸೇರುಗಳಲ್ಲಿ ಅಳೆದದ್ದನ್ನು ಒಂದೇ ಸಾಲಿನಲ್ಲಿ ಬರೆದದ್ದೇ ತಪ್ಪು. ಹಾಗಾಗಿ ಹಿಂದಿನ ವರ್ಷಗಳಿಗೂ ಹೊಸ ಸೂತ್ರದಲ್ಲಿ ಲೆಕ್ಕ ಹಾಕಲೇಬೇಕು.

ಸರಿ, ಹಾಕಿದರು. ಹಳೇ ಹಾಳೆ ಕಿತ್ತು ಹೊಸ ಹಾಳೆ ಅಂಟಿಸಿದರು. 7,600 ಇದ್ದ ಜಾಗದಲ್ಲಿ 7,260 ಬಂತು. ಯಾಕೆ ಅಂತ ಒಂದು ಮಾತಿಲ್ಲ. ಈಗ 7,600 ಎಂದು ಬರೆದುಕೊಂಡ ರೈತ ತನ್ನ ಚೀಟಿ ತೆಗೆದು ತೋರಿಸುತ್ತಾನೆ. ಇನ್ನೊಬ್ಬ ಗೋಡೆಯ ಹಾಳೆ ತೋರಿಸುತ್ತಾನೆ. ಇಬ್ಬರೂ ನಿಜ ಹೇಳುವವರೇ, ಇಬ್ಬರಿಗೂ ಜಗಳ. ನಮ್ಮ ಮನವಿಯಲ್ಲಿ ಹಳೇ ಅಂಕಿ ಇದ್ದರೆ ಎದುರಿನ ಅಧಿಕಾರಿ ನಗುತ್ತಾನೆ: ನಿಮ್ಮ ಅಂಕಿ ನಿಮಗೇ ಗೊತ್ತಿಲ್ಲ, ನೀವೇನು ಬೆಲೆ ಕೇಳ್ತೀರಿ? ಅಂದಿನಿಂದ ಹಳೇ ಅಂಕಿಯನ್ನೂ ನಂಬೋರಿಲ್ಲ, ಹೊಸದನ್ನೂ ನಂಬೋರಿಲ್ಲ. ಸರಿಯಾದ ತಿದ್ದುಪಡಿಯೇ ಮೋಸದಂತೆ ಕಾಣುತ್ತದೆ.

ಹೀಗಾಗಿದ್ದು ಮಂಡಿಯ ಗೋಡೆಯ ಮೇಲಲ್ಲ, ದಿಲ್ಲಿಯಲ್ಲಿ. ದೇಶದ ಒಟ್ಟು ಉತ್ಪನ್ನದ ಲೆಕ್ಕವನ್ನು ನೆನಪಿಸಿಕೊಳ್ಳಿ. 2015ರ ಜನವರಿ ಕೊನೆಯಲ್ಲಿ ಕೇಂದ್ರ ಅಂಕಿಅಂಶ ಕಚೇರಿ ಹೊಸ ಲೆಕ್ಕ ಹೊರತಂದಿತು. ಆಧಾರ ವರ್ಷ 2004-05 ಇದ್ದದ್ದು 2011-12 ಆಯಿತು. ಅಷ್ಟೇ ಆಗಿದ್ದರೆ ಗೊಂದಲ ಕಡಿಮೆ. ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ಲೆಕ್ಕಪತ್ರಗಳನ್ನು ಹೊಸದಾಗಿ ಬಳಸಿದರು. ಬೆಳವಣಿಗೆ ದರ ಅಂತ ಮುಖ್ಯವಾಗಿ ಹೇಳುತ್ತಿದ್ದ ಅಳತೆಯನ್ನೂ ಬದಲಾಯಿಸಿದರು: ಮೊದಲು ಅದು ಪರೋಕ್ಷ ತೆರಿಗೆ ಸೇರದ ಲೆಕ್ಕ, ಈಗ ತೆರಿಗೆ ಸೇರಿದ ಮಾರುಕಟ್ಟೆ ಬೆಲೆಯ ಲೆಕ್ಕ. ಹೆಸರು ಮಾತ್ರ ಜನರ ಬಾಯಲ್ಲಿ ಮೊದಲಿನದೇ ಉಳಿಯಿತು. 2013-14ರ ಬೆಳವಣಿಗೆ ನೂರಕ್ಕೆ 4.7 ಅಂತ ಎಲ್ಲರೂ ಓದಿದ್ದರು. ಅದೇ ವರ್ಷಕ್ಕೆ 6.9 ಎಂಬ ಅಂಕಿ ಬಂತು.

ಹೊಸ ಲೆಕ್ಕ 2011-12ರಿಂದ ಈಚೆಗೆ ಮಾತ್ರ ಇತ್ತು. ಅದರ ಹಿಂದಿನ ವರ್ಷಗಳಿಗೆ ಹೊಸ ಸೂತ್ರದ ಅಧಿಕೃತ ಅಂಕಿ ಸುಮಾರು ನಾಲ್ಕು ವರ್ಷ ಬರಲೇ ಇಲ್ಲ. ಈ ಖಾಲಿ ಜಾಗದಲ್ಲಿ ರಾಜಕೀಯ ಬೆಳೆಯಿತು. 2018ರ ಆಗಸ್ಟಿನಲ್ಲಿ ಸುದೀಪ್ತೋ ಮುಂಡ್ಲೆ ಅಧ್ಯಕ್ಷತೆಯ ಸಮಿತಿಯ ವರದಿ ಸರ್ಕಾರಿ ಜಾಲತಾಣದಲ್ಲಿ ಕಂಡಿತು. ಅದರ ಕೋಷ್ಟಕದಲ್ಲಿ ಹಿಂದಿನ ವರ್ಷಗಳ ಬೆಳವಣಿಗೆ ಮೊದಲು ಹೇಳಿದ್ದಕ್ಕಿಂತ ಮೇಲೇರಿತ್ತು. ಆಗಿನ ವಿರೋಧ ಪಕ್ಷದವರು ಅದನ್ನು ಎತ್ತಿ ಹಿಡಿದರು. ಇದು ಅಧಿಕೃತ ಅಂಕಿಯಲ್ಲ ಅಂತ ಇಲಾಖೆ ಹೇಳಿತು. ಹೇಳುವ ಹೊತ್ತಿಗೆ ಅಂಕಿ ಪತ್ರಿಕೆಗಳಲ್ಲಿ ಬಂದಾಗಿತ್ತು. ಮೂರು ತಿಂಗಳ ನಂತರ, ನವೆಂಬರ್ 28ರಂದು, ಅಧಿಕೃತ ಹಿಂದಿನ ಸರಣಿ ಬಂತು. ಅದರಲ್ಲಿ ಅದೇ ವರ್ಷಗಳ ಬೆಳವಣಿಗೆ ಕೆಳಗಿಳಿದಿತ್ತು. 2010-11ಕ್ಕೆ ಮೊದಲಿದ್ದ 10.3 ಈಗ 8.5 ಆಯಿತು. ಅದನ್ನು ಪ್ರಕಟಿಸುವಾಗ ಅಂಕಿಅಂಶ ಇಲಾಖೆಯವರ ಪಕ್ಕದಲ್ಲಿ ನೀತಿ ಆಯೋಗದವರೂ ಕೂತಿದ್ದರು. ಈಗ ಸಂತೋಷ ಆ ಪಕ್ಷದ ಪಾಲಿಗೆ, ಸಿಟ್ಟು ಈ ಪಕ್ಷದ ಪಾಲಿಗೆ.

ಯಾವ ಕೋಷ್ಟಕ ಸರಿ ಅಂತ ತೀರ್ಪು ಕೊಡಲು ನಾವು ಹೊರಟಿಲ್ಲ. ಒಂದೇ ವರ್ಷಗಳಿಗೆ ಒಂದು ಲೆಕ್ಕ ಮೇಲೆ, ಇನ್ನೊಂದು ಲೆಕ್ಕ ಕೆಳಗೆ ಹೋದದ್ದು ಯಾಕೆ ಅನ್ನೋದೇ ನಮಗೆ ಬೇಕಾದ ಪಾಠ. ಹೊಸ ಸೂತ್ರಕ್ಕೆ ಬೇಕಾದ ಕಂಪನಿ ಲೆಕ್ಕಪತ್ರಗಳು ಹಿಂದಿನ ವರ್ಷಗಳಿಗೆ ಅದೇ ರೀತಿ ಸಿಗುತ್ತಿರಲಿಲ್ಲ. ಗಣಕದ ಮೂಲಕ ಅವನ್ನು ಸಲ್ಲಿಸುವ ಪದ್ಧತಿ ಶುರುವಾದದ್ದೇ 2006ರಲ್ಲಿ. ಆದ್ದರಿಂದ ಹಿಂದಕ್ಕೆ ಹೋದಂತೆಲ್ಲ ಬೇರೆ ಬೇರೆ ದಾರಿಯಿಂದ ಅಂದಾಜು ಮಾಡಬೇಕಾಯಿತು. ದಾರಿ ಬದಲಾದಂತೆ ಅಂಕಿ ಬದಲಾಯಿತು. ಮೂಲ ದಾಖಲೆ ಇದ್ದು ಹಾಕಿದ ಲೆಕ್ಕ ಬೇರೆ, ದಾಖಲೆ ಇಲ್ಲದೆ ಕಟ್ಟಿದ ಅಂದಾಜು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ, ಒಂದೇ ಅಚ್ಚಿನಲ್ಲಿ ಜನರ ಮುಂದಿಟ್ಟರೆ ಜನ ಎರಡನ್ನೂ ಒಂದೇ ಅಂತ ತಿಳಿಯುತ್ತಾರೆ.

ಈಗ ನಮ್ಮ ತೊಗರಿಗೆ ಬರೋಣ. ಹಿಂದಿನ ಐದು ವರ್ಷಗಳ ಸರಾಸರಿಯನ್ನು ಹೊಸ ಸೂತ್ರಕ್ಕೆ ತರಬೇಕು. ಮೊದಲು ಕೇಳಬೇಕಾದ್ದು: ಪ್ರತಿ ವರ್ಷದ ತಿಂಗಳವಾರು ಆವಕ ಎಷ್ಟು ಅಂತ ಬರೆದಿದೆಯೇ? ಮಾರುಕಟ್ಟೆ ಸಮಿತಿಯ ದೈನಂದಿನ ವರದಿಯಲ್ಲಿ ಆವಕವೂ ಇರುತ್ತದೆ, ಆ ದಿನದ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾಲು ಮಾರಾಟವಾದ ದರವೂ ಇರುತ್ತದೆ. ಕೇಂದ್ರದ ಆಗ್‌ಮಾರ್ಕ್‌ನೆಟ್ ಜಾಲತಾಣದಲ್ಲೂ ಇವು ದಾಖಲಾಗುತ್ತವೆ. ಆವಕ ಸಿಕ್ಕ ವರ್ಷಗಳಿಗೆ ಲೆಕ್ಕವನ್ನು ಮೊದಲಿನಿಂದ ಹೊಸದಾಗಿ ಹಾಕಿ. ಆವಕ ಸಿಗದ ವರ್ಷಕ್ಕೆ ಏನು ಮಾಡೋದು? ಇಲ್ಲೇ ಬುದ್ಧಿವಂತರು ಜಾರುವುದು.

ಅವರು ಹೇಳ್ತಾರೆ: ಒಂದು ವರ್ಷದ ಹೊಸ ಅಂಕಿ 7,260, ಹಳೇದು 7,600. ಅಂದರೆ ಹೊಸದು ಹಳೇದರ ನೂರಕ್ಕೆ ತೊಂಬತ್ತೈದೂವರೆ. ಹಾಗಾದರೆ ಹಿಂದಿನ ಎಲ್ಲ ವರ್ಷಗಳನ್ನೂ ಇದೇ ಪ್ರಮಾಣದಲ್ಲಿ ಇಳಿಸಿಬಿಡೋಣ. ಕೇಳಲು ಚೆನ್ನಾಗಿದೆ. ಆದರೆ ನಾಲ್ಕು ವರ್ಷದ ಹಿಂದೆ ಜನ ಗೋದಾಮಿನಲ್ಲಿ ಮಾಲಿಟ್ಟು, ಅದರ ಮೇಲೆ ಸಾಲ ಪಡೆದು, ಮೂರೂ ತಿಂಗಳಲ್ಲಿ ಸಮವಾಗಿ ಮಾರಿದ್ದರು ಅಂತ ಇಟ್ಟುಕೊಳ್ಳಿ. ದರ 5,000, 5,300, 5,900. ಮಾಲು ಸಮವಾಗಿ ಬಂದಾಗ ಹಳೇ ಸೂತ್ರಕ್ಕೂ ಹೊಸ ಸೂತ್ರಕ್ಕೂ ಉತ್ತರ ಒಂದೇ: 5,400. ಅದನ್ನು ಆ ಪ್ರಮಾಣದಿಂದ ಇಳಿಸಿದರೆ ಸುಮಾರು 5,158 ಆಗುತ್ತದೆ. ಆ ವರ್ಷದ ರೈತ ಪಡೆದ ಹಣದಲ್ಲಿ ಕ್ವಿಂಟಾಲಿಗೆ 242 ರೂಪಾಯಿಯನ್ನು ಕಾಗದದ ಮೇಲೆ ಕಿತ್ತುಕೊಂಡ ಹಾಗಾಯಿತು. ಹಳೇ ಸೂತ್ರದ ತಪ್ಪು ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಸುಗ್ಗಿಯಲ್ಲಿ ಎಷ್ಟು ಮಾಲು ಬಿತ್ತು ಅನ್ನೋದರ ಮೇಲೆ ಅದು ಹೆಚ್ಚುಕಡಿಮೆ ಆಗುತ್ತಿತ್ತು.

ಒಂದು ಸರಣಿಯನ್ನು ಇನ್ನೊಂದಕ್ಕೆ ಜೋಡಿಸುವ ಗುಣಕ ಎಂಬುದು ಇದೆ, ಇಲ್ಲವೆಂದಲ್ಲ. 2017ರಲ್ಲಿ ಸಗಟು ಬೆಲೆ ಸೂಚ್ಯಂಕದ ಆಧಾರ ವರ್ಷ 2004-05ರಿಂದ 2011-12ಕ್ಕೆ ಬದಲಾದಾಗ ಎಲ್ಲ ಸರಕುಗಳಿಗೆ ಸೇರಿ 1.561 ಎಂಬ ಜೋಡಿಸುವ ಗುಣಕವನ್ನು ಸರ್ಕಾರವೇ ಕೊಟ್ಟಿತು. ಹಳೇ ಸೂಚ್ಯಂಕದ ಮೇಲೆ ಒಪ್ಪಂದ ಮಾಡಿಕೊಂಡವರು ಮುಂದುವರಿಯಲು ಅದು ಬೇಕು. ಆದರೆ ಅದು ಎರಡು ಸರಣಿಗಳ ನಡುವಿನ ಸೇತುವೆ ಅಷ್ಟೆ. ಸೇತುವೆ ದಾಟಿಸುತ್ತದೆ, ಹಳೇ ದಾರಿಯ ಗುಂಡಿ ಮುಚ್ಚುವುದಿಲ್ಲ. ಆದ್ದರಿಂದ ದಾಖಲೆ ಇಲ್ಲದ ವರ್ಷದ ಹೊಸ ಅಂಕಣವನ್ನು ಖಾಲಿ ಬಿಡಿ. ‘ಆವಕದ ದಾಖಲೆ ಸಿಗಲಿಲ್ಲ’ ಅಂತ ಬರೆಯಿರಿ. ಅಂದಾಜು ಹಾಕಲೇಬೇಕಾದರೆ ಅಂದಾಜು ಅಂತ ಆ ಅಂಕಿಯ ಪಕ್ಕದಲ್ಲೇ ಬರೆಯಿರಿ, ಹಾಳೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಲ್ಲ.

ಇನ್ನು ಹಳೇ ಅಂಕಿಯನ್ನು ಏನು ಮಾಡಬೇಕು? ಒಳ್ಳೆಯ ಲೆಕ್ಕಿಗ ತಪ್ಪು ಅಂಕಿಯನ್ನು ಬ್ಲೇಡಿನಿಂದ ಕೆರೆಯುವುದಿಲ್ಲ. ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ತಾರೀಖು ಹಾಕಿ ರುಜು ಮಾಡುತ್ತಾನೆ. ಕೋಷ್ಟಕಕ್ಕೂ ಅದೇ ನ್ಯಾಯ. ಹಳೇ ಅಂಕಣ ಹಾಗೇ ಇರಲಿ, ಪಕ್ಕದಲ್ಲಿ ಹೊಸ ಅಂಕಣ ಬರಲಿ. ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಹಳೇದಕ್ಕೆ ‘ದರಗಳ ಸರಾಸರಿ’, ಹೊಸದಕ್ಕೆ ‘ಮಾಲಿನ ತೂಕದ ಸರಾಸರಿ’. ಎರಡಕ್ಕೂ ಬರೀ ‘ಸರಾಸರಿ ಬೆಲೆ’ ಅಂತ ಬರೆದರೆ ನಾಳೆ ಯಾರೋ ಒಬ್ಬ ಒಂದು ಅಂಕಣದ ಹೋದ ವರ್ಷವನ್ನು ಇನ್ನೊಂದು ಅಂಕಣದ ಈ ವರ್ಷದ ಜೊತೆ ಹೋಲಿಸಿಯೇ ಹೋಲಿಸುತ್ತಾನೆ. ದಿಲ್ಲಿಯ 4.7 ಮತ್ತು 6.9ಕ್ಕೆ ಆದದ್ದು ಇದೇ.

ಹೊಸ ವರ್ಷಗಳಿಗೂ ಕೆಲಕಾಲ, ಎರಡು ಮೂರು ಸುಗ್ಗಿಯಾದರೂ, ಎರಡೂ ಅಂಕಣ ತುಂಬುತ್ತಾ ಹೋಗಿ. ಆಗ ಹಳೇ ಚೀಟಿ ಹಿಡಿದು ಬಂದವನು ತನ್ನ 7,600 ಅನ್ನು ಹಳೇ ಅಂಕಣದಲ್ಲಿ ಕಾಣುತ್ತಾನೆ. ನಾನು ಓದಿದ್ದು ಸುಳ್ಳಲ್ಲ ಅಂತ ಅವನಿಗೆ ಸಮಾಧಾನ. ಪಕ್ಕದ 7,260 ನೋಡಿ ಯಾಕೆ ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಅದೇ ಹಾಳೆಯಲ್ಲಿರಬೇಕು. ಸೂಚನೆ ಉದ್ದ ಬೇಡ. ಹೀಗಿದ್ದರೆ ಸಾಕು:

‘ಇಂಥ ತಾರೀಖಿನಿಂದ ತೊಗರಿಯ ವಾರ್ಷಿಕ ಬೆಲೆಯನ್ನು ಬಂದ ಮಾಲಿನ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಲಾಗಿದೆ. ಮೊದಲು ತಿಂಗಳ ದರಗಳನ್ನಷ್ಟೇ ಕೂಡಿಸಿ ಭಾಗಿಸುತ್ತಿದ್ದೆವು. ಕಡಿಮೆ ಮಾಲು ಬಂದ ತಿಂಗಳಿಗೂ ಅದರಲ್ಲಿ ಸಮಾನ ಸ್ಥಾನ ಸಿಗುತ್ತಿತ್ತು. ಮಂಡಿಯ ದರವಾಗಲಿ ಆವಕವಾಗಲಿ ಬದಲಾಗಿಲ್ಲ, ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗಿದೆ. ಇಷ್ಟು ವರ್ಷಗಳನ್ನು ದಾಖಲೆ ನೋಡಿ ಹೊಸದಾಗಿ ಲೆಕ್ಕ ಹಾಕಿದೆ. ಇಂಥ ವರ್ಷಕ್ಕೆ ದಾಖಲೆ ಸಿಗಲಿಲ್ಲ. ಅತಿ ದೊಡ್ಡ ವ್ಯತ್ಯಾಸ ಇಂಥ ವರ್ಷ, ಕ್ವಿಂಟಾಲಿಗೆ ಇಷ್ಟು ರೂಪಾಯಿ. ಹಳೇ ಅಂಕಿಯ ಮೇಲೆ ಆಗಲೇ ತೀರಿದ ವ್ಯವಹಾರಗಳಿಗೆ ಇದು ಅನ್ವಯಿಸುವುದಿಲ್ಲ.’

ಕೊನೆಯ ವಾಕ್ಯದ ಬಗ್ಗೆ ಎರಡು ಮಾತು ಹೇಳಬೇಕು. ಸರಾಸರಿ ಬೆಲೆಯ ಆಧಾರದ ಮೇಲೆ ಯಾರೋ ಸಾಲ ತೀರಿಸಿದ್ದಾರೆ, ಯಾರೋ ಗುತ್ತಿಗೆ ಹಣ ಕೊಟ್ಟಿದ್ದಾರೆ. ಅಂಕಿ ತಿದ್ದಿದ ಮಾತ್ರಕ್ಕೆ ಆ ಲೆಕ್ಕಗಳೆಲ್ಲ ತಾವಾಗಿ ಮರುಜೀವ ಪಡೆದರೆ ಹಳ್ಳಿಯಲ್ಲಿ ನ್ಯಾಯ ಪಂಚಾಯ್ತಿಗೆ ಕೊನೆಯೇ ಇರದು. ಬ್ರಿಟನ್ನಿನಲ್ಲಿ ಚಿಲ್ಲರೆ ಬೆಲೆ ಸೂಚ್ಯಂಕಕ್ಕೆ ಬಳಸುವ ಒಂದು ಸರಾಸರಿ ಸೂತ್ರ ಬೆಲೆಯೇರಿಕೆಯನ್ನು ಹೆಚ್ಚಾಗಿ ತೋರಿಸುತ್ತದೆ ಅಂತ ಅಲ್ಲಿನ ಅಂಕಿಅಂಶ ಸಂಸ್ಥೆಯೇ ಒಪ್ಪಿತು. 2013ರಲ್ಲಿ ಆ ಸೂಚ್ಯಂಕದಿಂದ ರಾಷ್ಟ್ರೀಯ ಮಾನ್ಯತೆಯ ಮುದ್ರೆಯನ್ನು ತೆಗೆದರು. ಆದರೂ ಅಂಕಿಯನ್ನು ಬದಲಾಯಿಸಲಿಲ್ಲ, ನಿಲ್ಲಿಸಲೂ ಇಲ್ಲ. ಸರ್ಕಾರದ ಸಾಲಪತ್ರಗಳು, ಪಿಂಚಣಿಗಳು ಅದಕ್ಕೆ ಕಟ್ಟಿಕೊಂಡಿದ್ದವು. 2030ರ ಫೆಬ್ರವರಿಯಿಂದ ಹೊಸ ರೀತಿಗೆ ಬರುತ್ತೇವೆ ಅಂತ 2020ರಲ್ಲೇ ಹೇಳಿದರು. ಹತ್ತು ವರ್ಷ ಮುಂಚೆ ತಾರೀಖು ಸಾರಿದ್ದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಜನ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ನಮಗೆ ಹತ್ತು ವರ್ಷ ಬೇಡ. ಆದರೆ ಹಳೇ ಅಂಕಿಗೆ ಕಟ್ಟಿಕೊಂಡಿರುವ ವ್ಯವಹಾರಗಳ ಪಟ್ಟಿ ಮಾಡದೆ ಹೊಸ ಅಂಕಿ ಹೊರಡಿಸಬಾರದು. ಅನ್ಯಾಯವಾದವರಿಗೆ ಬಾಕಿ ಕೊಡಬೇಕು ಅಂತ ಸಭೆ ತೀರ್ಮಾನಿಸಿದರೆ ಅದು ಬೇರೆ ಠರಾವು, ಬೇರೆ ಹೋರಾಟ. ಕೋಷ್ಟಕದ ತಿದ್ದುಪಡಿಯ ಬಾಲಕ್ಕೆ ಅದನ್ನು ಕಟ್ಟಬೇಡಿ.

ತಿದ್ದುಪಡಿ ಪ್ರಾಮಾಣಿಕವೋ, ಕೈಚಳಕವೋ ಅಂತ ತಿಳಿಯೋದು ಹೇಗೆ? ಒಂದು ವರ್ಷ ಆರಿಸಿಕೊಳ್ಳಿ. ಆ ವರ್ಷದ ಆವಕವನ್ನೂ ದರವನ್ನೂ ಕೇಳಿ ಪಡೆದು, ಪೆನ್ಸಿಲು ಹಿಡಿದು ನೀವೇ ಗುಣಿಸಿ, ಕೂಡಿಸಿ, ಭಾಗಿಸಿ. ಮೊದಲು ಹಳೇ ಸೂತ್ರದಿಂದ ಹಳೇ ಅಂಕಿ ಬರುತ್ತದೆಯೇ ನೋಡಿ. ಹಳೇದೇ ಬರದಿದ್ದರೆ ಸೂತ್ರದ ಜೊತೆ ಮೂಲ ದಾಖಲೆಗೂ ಯಾರೋ ಕೈ ಹಾಕಿದ್ದಾರೆ ಅಂತ ಅನುಮಾನ ಪಡಬೇಕು; ಹೊಸ ಅಂಕಿಯ ಮಾತು ಆಮೇಲೆ. ಹಳೇದು ಬಂದರೆ ಹೊಸ ಸೂತ್ರದಿಂದ ಹೊಸದನ್ನು ಹಾಕಿ. ಆಮೇಲೆ ಇನ್ನೊಂದು ಪರೀಕ್ಷೆ: ಸುಗ್ಗಿಯಲ್ಲಿ ಹೆಚ್ಚು ಮಾಲು ಬಿದ್ದು ಆಮೇಲೆ ದರ ಏರಿದ ವರ್ಷಗಳಲ್ಲಿ ಹೊಸ ಅಂಕಿ ಕೆಳಗಿಳಿಯಬೇಕು, ಆವಕ ಸಮವಾಗಿದ್ದ ವರ್ಷಗಳಲ್ಲಿ ಹಾಗೇ ಉಳಿಯಬೇಕು, ಸುಗ್ಗಿಯ ದರವೇ ಮೇಲಿದ್ದು ಆಮೇಲೆ ಕುಸಿದ ವರ್ಷದಲ್ಲಿ ಮೇಲೇರಬೇಕು. ಎಲ್ಲ ವರ್ಷವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಜರುಗಿದ್ದರೆ ಅದು ದಾಖಲೆ ನೋಡಿ ಹಾಕಿದ ಲೆಕ್ಕವಲ್ಲ, ಕುರ್ಚಿಯಲ್ಲಿ ಕೂತು ಗುಣಿಸಿದ್ದು.

ಈ ಪರೀಕ್ಷೆಯನ್ನು ಸರ್ಕಾರದ ಅಂಕಿಗೆ ಹಚ್ಚುವ ಮೊದಲು ನಮ್ಮ ಅಂಕಿಗೂ ಹಚ್ಚಬೇಕು. ಹೊಸ ಸೂತ್ರ ನಮ್ಮ ವಾದಕ್ಕೆ ಬಲ ಕೊಟ್ಟ ವರ್ಷವನ್ನು ದೊಡ್ಡದಾಗಿ ಬರೆದು, ನಮ್ಮ ವಾದಕ್ಕೆ ಬಾರದ ವರ್ಷವನ್ನು ಮುಚ್ಚಿಡುವ ಆಸೆ ಯಾರಿಗಾದರೂ ಬರುತ್ತದೆ. ಅಂಥ ಕೋಷ್ಟಕ ಒಂದು ಸಭೆಗೆ ಸಾಕಾಗಬಹುದು, ಎರಡನೆಯ ಸಭೆಗೆ ನಿಲ್ಲದು. ಮುಂದಿನ ಸಲ ಬೆಲೆಯ ಮನವಿ ಬರೆಯುವಾಗ ಎರಡೂ ಅಂಕಣ ಹಾಕಿ, ಖಾಲಿ ವರ್ಷವನ್ನು ಖಾಲಿಯಾಗೇ ತೋರಿಸಿ, ಲೆಕ್ಕದ ರೀತಿಯನ್ನು ಅದೇ ಹಾಳೆಯಲ್ಲಿ ಬರೆಯಿರಿ. ಆಮೇಲೆ ಅಧಿಕಾರಿಯ ಮುಂದೆ ಹಾಳೆಯ ಜೊತೆ ಪೆನ್ಸಿಲನ್ನೂ ಇಟ್ಟು, ನೀವೇ ಕೂಡಿಸಿ ನೋಡಿ ಸ್ವಾಮಿ ಅಂತ ಹೇಳಿ.